ಸಲಾಮಿಗೆ ಏನು ಹೇಳಬೇಕು, ಶರಣಿಗೆ ಏನು ಹೇಳಬೇಕು: ಕಲಬುರಗಿ, ಬೀದರಿಗೆ ಹೊಸದಾಗಿ ಬಂದವರಿಗೆ

ಬ್ಯಾಂಕು, ಶಾಲೆ, ಆಸ್ಪತ್ರೆ ಅಂತ ನೌಕರಿ ಮೇಲೆ ಕಲಬುರಗಿಗೋ ಬೀದರಿಗೋ ಬಂದವರು ಮೊದಲ ವಾರದಲ್ಲೇ ಒಂದು ತೊಡಕಿಗೆ ಸಿಕ್ಕುತ್ತಾರೆ. ಬೆಳಗ್ಗೆ ಹಾಲಿನವನು 'ಶರಣ್ರಿ' ಅನ್ನುತ್ತಾನೆ. ಆಟೋದವರು 'ಸಲಾಂ ಸಾಬ್' ಅನ್ನುತ್ತಾರೆ. ಕಚೇರಿಯ ಹಿರಿಯರೊಬ್ಬರು 'ಜೈ ಭೀಮ್ ಸರ್' ಅನ್ನುತ್ತಾರೆ. ಬೀದರಿನಲ್ಲಾದರೆ ಅಂಗಡಿಯ ಸರ್ದಾರ್‌ಜಿ 'ಸತ್ ಶ್ರೀ ಅಕಾಲ್' ಅನ್ನುತ್ತಾರೆ. ಬಂದವರು ಎಲ್ಲಕ್ಕೂ ಒಂದೇ ಥರ ತಲೆ ಆಡಿಸಿ ಮುಂದೆ ಹೋಗುತ್ತಾರೆ. ಹೇಳಿದವರಿಗೆ ಅದು ಅರ್ಧಕ್ಕೆ ನಿಂತ ಮಾತಿನ ಹಾಗೆ ಅನ್ನಿಸುತ್ತದೆ.

ಎಲ್ಲಾ ಕಡೆ ನಡೆಯುವ 'ನಮಸ್ಕಾರ್ರಿ' ನಮ್ಮ ಕೈಯಲ್ಲಿ ಇದ್ದೇ ಇದೆ. ಹಾಗಾಗಿ ಬೇರೆಯವರ ಮಾತನ್ನು ನಾವಾಗಿ ಶುರುಮಾಡಲೇಬೇಕು ಅಂತೇನಿಲ್ಲ. ಆದರೆ ಅವರು ಶುರುಮಾಡಿದಾಗ ಉತ್ತರ ಗೊತ್ತಿರಬೇಕು. ಅದಕ್ಕೇ ನಾನು ಹೊಸಬರಿಗೆ ಹೇಳುವ ಕ್ರಮ ಇದು: ಮೊದಲು ಉತ್ತರ ಕಲಿಯಿರಿ, ಆಮೇಲೆ ಯಾವಾಗ ನಾವೇ ಮೊದಲು ಹೇಳಬಹುದು ಅನ್ನೋದನ್ನು ಕಲಿಯಿರಿ, ಕೊನೆಗೆ ಯಾವಾಗ ಸುಮ್ನಿರಬೇಕು ಅನ್ನೋದನ್ನು.

ಮೊದಲು ಉತ್ತರ

ಈ ಸೀಮೆಯಲ್ಲಿ ಉತ್ತರಕ್ಕೆ ಎಷ್ಟು ತೂಕ ಅನ್ನೋದಕ್ಕೆ ಹರಳಯ್ಯನವರ ಕತೆ ಸಾಕು. ನಡೆದ ಜಾಗ ಕಲ್ಯಾಣ, ಅಂದರೆ ಇವತ್ತಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಸಮಗಾರ ಹರಳಯ್ಯನವರು ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ 'ಶರಣು' ಅಂದರು. ಬಸವಣ್ಣನವರು 'ಶರಣು ಶರಣಾರ್ಥಿ' ಅಂದರು. ನಾನು ಒಂದು ಕೊಟ್ಟೆ, ಅವರು ಎರಡು ಕೊಟ್ಟರು, ಒಂದು ನನ್ನ ಮೇಲೆ ಸಾಲ ಉಳಿಯಿತು ಅಂತ ಹರಳಯ್ಯನವರಿಗೆ ಚಿಂತೆ ಹತ್ತಿತು. ಆ ಸಾಲ ತೀರಿಸಲು ಅವರೂ ಹೆಂಡತಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದರು ಅಂತ ಕತೆ ಹೇಳುತ್ತದೆ. ಇಲ್ಲಿನ ಮನೆಗಳಲ್ಲಿ ಇದು ಮಕ್ಕಳಿಗೂ ಗೊತ್ತು.

ಮುಸ್ಲಿಮರ ಮನೆಯಲ್ಲೂ ಹೆಚ್ಚು ಕಡಿಮೆ ಇದೇ ಲೆಕ್ಕ. ಕುರಾನಿನ ಸೂರಾ ಅನ್ನಿಸಾದ 86ನೇ ಆಯತ್ತಿನಲ್ಲಿ, ನಿಮಗೆ ಯಾರಾದರೂ ವಂದಿಸಿದರೆ ಅದಕ್ಕಿಂತ ಚೆನ್ನಾಗಿ ವಂದಿಸಿ, ಇಲ್ಲವೇ ಅಷ್ಟನ್ನಾದರೂ ಮರಳಿಸಿ ಅಂತ ಇದೆ. ಆದ್ದರಿಂದ 'ಅಸ್ಸಲಾಮು ಅಲೈಕುಂ' ಅಂದವರಿಗೆ 'ವ ಅಲೈಕುಂ ಅಸ್ಸಲಾಂ' ಅನ್ನೋದು ಸುಮ್ನೆ ಸೌಜನ್ಯಕ್ಕಲ್ಲ, ಅವರ ಮಟ್ಟಿಗೆ ಅದು ತೀರಿಸಬೇಕಾದ ಬಾಕಿ. ಹೊರಗಿನವರಾದ ನಮ್ಮ ಮೇಲೆ ಆ ಬಾಕಿ ಇಲ್ಲ. ಆದರೂ ಉತ್ತರ ಬಂದಾಗ ಹೇಳಿದವರ ಮುಖ ಅರಳೋದು ಈ ಕಾರಣಕ್ಕೆ.

ಉತ್ತರಗಳನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. 'ಶರಣು' ಅಥವಾ 'ಶರಣ್ರಿ' ಅಂದರೆ 'ಶರಣು ಶರಣಾರ್ಥಿ' ಅನ್ನಿ. ಸಲಾಮಿಗೆ 'ವ ಅಲೈಕುಂ ಅಸ್ಸಲಾಂ'. 'ಆದಾಬ್' ಅಂದರೆ 'ಆದಾಬ್'. 'ಸತ್ ಶ್ರೀ ಅಕಾಲ್', 'ಜೈ ಭೀಮ್', 'ನಮೋ ಬುದ್ಧಾಯ' ಮೂರಕ್ಕೂ ಅದೇ ಮಾತನ್ನು ತಿರುಗಿ ಹೇಳಿದರೆ ಸಾಕು. ನಾಲಿಗೆ ತಿರುಗದಿದ್ದರೆ, ಇಲ್ಲಾ ಮನಸ್ಸು ಒಪ್ಪದಿದ್ದರೆ ನಿಂತು, ಮುಖ ನೋಡಿ, ಕೈ ಮುಗಿದು 'ನಮಸ್ಕಾರ್ರಿ' ಅನ್ನಿ. ನಿಂತು ಹೇಳಿದ ನಮಸ್ಕಾರವನ್ನು ಯಾರೂ ಕಡಿಮೆ ಅಂತ ತಿಳಿಯೋದಿಲ್ಲ. ನಡೆಯುತ್ತಲೇ, ಮೊಬೈಲ್ ನೋಡುತ್ತಲೇ ಹೇಳಿದ್ದು ಮಾತ್ರ ಎಲ್ಲರಿಗೂ ಚುಚ್ಚುತ್ತದೆ.

ಶರಣು ಹೇಳುವಾಗ

ಲಿಂಗಾಯತರ ಈ ವಂದನೆ ಕನ್ನಡದ್ದೇ ಆದ್ದರಿಂದ ಕನ್ನಡದವರಿಗೆ ಉಚ್ಚಾರದ ತೊಂದರೆ ಇಲ್ಲ. ಎರಡೂ ಕೈ ಜೋಡಿಸಿ ಎದೆಯ ಹತ್ತಿರ ತಂದು, ಸ್ವಲ್ಪ ತಲೆ ಬಾಗಿಸಿ ಹೇಳಿದರೆ ಆಯಿತು. ಮನೆಯ ಹಿರಿಯರಿಗೆ 'ಶರಣ್ರಿ ಕಾಕಾರೆ', 'ಶರಣ್ರೀ ಅವ್ವಾರೆ' ಅಂತ ಸಂಬಂಧದ ಹೆಸರು ಸೇರಿಸಿದರೆ ಇಲ್ಲಿನ ಮಾತಿಗೆ ಚೆನ್ನಾಗಿ ಹೊಂದುತ್ತದೆ. ಬರೀ 'ಶರಣು' ಅಂತ ಮೊಟಕಾಗಿ ಹೇಳೋದು ಓರಿಗೆಯವರ ನಡುವೆ ನಡೆಯುತ್ತದೆ. ಹಿರಿಯರಿಗೆ ಕೊನೆಯ ಆ 'ರಿ' ಬೇಕೇ ಬೇಕು.

ಮೊದಲ ಭೇಟಿಯಲ್ಲೇ ಹೊರಗಿನವರು ಶರಣು ಹೇಳಬಹುದಾ? ಹೇಳಬಹುದು. ಬಸವಕಲ್ಯಾಣಕ್ಕೆ ಹೋದಾಗ, ಮಠಕ್ಕೆ ಹೋದಾಗ, ಬಸವ ಜಯಂತಿಯ ಸಭೆಯಲ್ಲಿ ಎಲ್ಲರೂ ಅದನ್ನೇ ಹೇಳುತ್ತಿರುತ್ತಾರೆ. ಅಲ್ಲಿ ಸೇರಿಕೊಳ್ಳೋದು ಸಹಜ. ಮಠದಲ್ಲಿ ಸ್ವಾಮೀಜಿಗಳ ಮುಂದೆ ಮಾತ್ರ ಒಂದು ಗಳಿಗೆ ತಡೆಯಿರಿ. ಅವರು ಲಿಂಗಪೂಜೆಯಲ್ಲಿ ಇದ್ದರೆ ಹತ್ತಿರ ಹೋಗಿ ಕಾಲು ಮುಟ್ಟಬೇಡಿ, ದೂರದಿಂದಲೇ ಕೈ ಮುಗಿಯಿರಿ. ನಿಮ್ಮ ಮುಂದೆ ಹೋದವರು ಪಾದ ಮುಟ್ಟಿದರೋ, ದೂರದಲ್ಲೇ ಬಾಗಿದರೋ ನೋಡಿ ಹಾಗೇ ಮಾಡಿ. ಕಾಲು ಮುಟ್ಟುವ ರೂಢಿ ನಿಮಗೆ ಇಲ್ಲದಿದ್ದರೆ ಕೈ ಮುಗಿದರೂ ಸಾಕು. ಅದಕ್ಕೆ ಯಾರೂ ತಕರಾರು ಮಾಡೋದಿಲ್ಲ.

ಸಲಾಮು, ಆದಾಬು

ಹೆಚ್ಚು ಪ್ರಶ್ನೆಗಳು ಬರೋದು ಇಲ್ಲೇ. ಅದಕ್ಕೇ ಇದನ್ನು ನಿಧಾನವಾಗಿ ನೋಡೋಣ.

ಮೊದಲು ನಾಲಿಗೆ. 'ಅಸ್ಸಲಾಮು ಅಲೈಕುಂ' ಅನ್ನೋದರಲ್ಲಿ 'ಲಾ' ಉದ್ದಕ್ಕೆ, ಸ್ಪಷ್ಟವಾಗಿ ಬರಬೇಕು. ಅವಸರದಲ್ಲಿ 'ಲ' ನುಂಗಿ 'ಅಸ್ಸಾಮು ಅಲೈಕುಂ' ಅಂತ ಆಗಿಬಿಟ್ಟರೆ ಅರಬ್ಬಿಯಲ್ಲಿ ಅದು ಸಾವು ಬರಲಿ ಅಂದ ಹಾಗೆ. ನೀವು ಬೇಕಂತ ಹೇಳಿಲ್ಲ ಅಂತ ಎದುರಿನವರಿಗೆ ಗೊತ್ತಾಗುತ್ತದೆ, ನಿಜ. ಆದರೂ ಕಿವಿಗೆ ಬಿದ್ದಿದ್ದು ಬಿದ್ದ ಹಾಗೇ. ಪೂರ್ತಿ ಬಾರದಿದ್ದರೆ 'ಸಲಾಂ ಭಾಯಿ', 'ಸಲಾಂ ಚಾಚಾ' ಅಂದರೂ ನಡೆಯುತ್ತದೆ. ಕಲಬುರಗಿಯ ಬಜಾರಿನಲ್ಲಿ ಎಲ್ಲಾ ಜಾತಿಯವರೂ ಹಾಗೇ ಅನ್ನುತ್ತಾರೆ.

ಮೊದಲು ಯಾರು ಹೇಳಬೇಕು ಅನ್ನೋದಕ್ಕೂ ಅವರಲ್ಲಿ ಪದ್ಧತಿ ಇದೆ. ಚಿಕ್ಕವರು ದೊಡ್ಡವರಿಗೆ, ವಾಹನದ ಮೇಲೆ ಹೋಗುವವರು ನಡೆಯುವವರಿಗೆ, ನಡೆಯುವವರು ಕುಂತವರಿಗೆ, ಕಡಿಮೆ ಜನ ಹೆಚ್ಚು ಜನರಿಗೆ. ನೀವು ಅಂಗಡಿಯೊಳಗೆ ಕಾಲಿಟ್ಟಿರಿ, ಮಾಲೀಕರು ಗಲ್ಲಾದ ಹಿಂದೆ ಕುಂತಿದ್ದಾರೆ ಅಂದರೆ ಮೊದಲ ಮಾತು ನಿಮ್ಮದು. ಇಷ್ಟು ನೆನಪಿದ್ದರೆ ಸಾಕು.

ಉತ್ತರ ಹೇಗೆ ಬರುತ್ತದೆ ಅನ್ನೋದನ್ನೂ ತಿಳಿದಿರಿ. ಮುಸ್ಲಿಮರಲ್ಲದವರ ಸಲಾಮಿಗೆ ಏನು ಹೇಳಬೇಕು ಅನ್ನೋದರಲ್ಲಿ ಅವರ ಧರ್ಮಪಂಡಿತರಾದ ಆಲಿಮರಲ್ಲೇ ಒಂದೇ ಅಭಿಪ್ರಾಯ ಇಲ್ಲ. ಕೆಲವರು ಪೂರ್ತಿ 'ವ ಅಲೈಕುಂ ಅಸ್ಸಲಾಂ' ಅನ್ನುತ್ತಾರೆ. ಕೆಲವರು 'ವ ಅಲೈಕುಂ' ಅಂತ ಅಲ್ಲಿಗೇ ನಿಲ್ಲಿಸುತ್ತಾರೆ. ಇನ್ನು ಕೆಲವರು ನಗುತ್ತಾ 'ನಮಸ್ಕಾರ್ರಿ ಸರ್, ಬರ್ರಿ' ಅನ್ನುತ್ತಾರೆ. ಉತ್ತರ ಮೊಟಕಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಅವರು ಕಲಿತ ರೀತಿ ಅದು. ನಮಸ್ಕಾರ ಅಂತಲೇ ಉತ್ತರ ಕೊಡುವವರಿಗೆ ಮುಂದಿನ ಸಲ ನೀವೂ ನಮಸ್ಕಾರ ಅನ್ನಿ. ಅವರಿಗೆ ಯಾವುದು ಆರಾಮ ಅನ್ನೋದನ್ನು ಅವರೇ ತೋರಿಸಿಕೊಟ್ಟಿದ್ದಾರೆ, ಅಲ್ವಾ?

ಈ ಇಕ್ಕಟ್ಟೇ ಇಲ್ಲದ ಒಂದು ಹಳೆಯ ದಾರಿ ನಮ್ಮ ಸೀಮೆಯಲ್ಲೇ ಇದೆ: ಆದಾಬ್. 1948ರ ಸೆಪ್ಟೆಂಬರ್ 17ರವರೆಗೆ ಈ ಭಾಗ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಕಚೇರಿಯ ಭಾಷೆ ಉರ್ದು. ಆಗ ಹಿಂದೂಗಳೂ ಮುಸ್ಲಿಮರೂ ಒಬ್ಬರಿಗೊಬ್ಬರು ಹೇಳುತ್ತಿದ್ದ ಮಾತು ಆದಾಬ್. ಅದರಲ್ಲಿ ದೇವರ ಹೆಸರಿಲ್ಲ, ಯಾವ ಧರ್ಮದ ಗುರುತೂ ಇಲ್ಲ. ಬರೀ ಗೌರವ. ಹಾಗಾಗಿ ಯಾರು ಯಾರಿಗೆ ಹೇಳಿದರೂ ಸರಿ.

ಕೈ ಹೇಗೆ ಅಂದರೆ, ಬಲಗೈ ಮಾತ್ರ. ಬೆರಳುಗಳನ್ನು ಸೇರಿಸಿ, ಅಂಗೈ ನಿಮ್ಮ ಮುಖದ ಕಡೆ ಇರುವಂತೆ ಹಿಡಿದು, ಬೆರಳ ತುದಿ ಹಣೆಯ ಹತ್ತಿರ ಬರುವಷ್ಟು ಎತ್ತಿ. ಅದೇ ಹೊತ್ತಿಗೆ ತಲೆಯೂ ಮೇಲ್ಮೈಯೂ ಸ್ವಲ್ಪ ಮುಂದಕ್ಕೆ ಬಾಗಬೇಕು. ಪೊಲೀಸರ ಸಲ್ಯೂಟಿನ ಹಾಗೆ ಸೆಟೆದು ನಿಂತು ಮಾಡಿದರೆ ಅದು ಆದಾಬ್ ಆಗೋದಿಲ್ಲ. ಮಾತು, ಕೈ, ತಲೆ ಮೂರೂ ಒಟ್ಟಿಗೆ, ನಿಧಾನವಾಗಿ. ಎಡಗೈಯಲ್ಲಿ ಚೀಲ ಇದ್ದರೆ ಇರಲಿ, ಬಲಗೈ ಖಾಲಿ ಮಾಡಿಕೊಳ್ಳಿ.

ಒಂದು ಮಾತು ಸೇರಿಸಬೇಕು. ಈಗಿನ ಹುಡುಗರಲ್ಲಿ ಆದಾಬ್ ಕಡಿಮೆಯಾಗಿದೆ. ಧಾರ್ಮಿಕವಾಗಿ ಕಟ್ಟುನಿಟ್ಟಾಗಿರುವವರು ತಮ್ಮತಮ್ಮಲ್ಲಿ ಸಲಾಮನ್ನೇ ಬಳಸುತ್ತಾರೆ. ವಯಸ್ಸಾದವರಿಗೆ, ಉರ್ದು ಮೇಷ್ಟ್ರಿಗೆ, ಹಳೆಯ ಮನೆತನಗಳಲ್ಲಿ ಆದಾಬ್ ಹೇಳಿ ನೋಡಿ. ಅವರಿಗೆ ಆಗುವ ಖುಷಿಯೇ ಬೇರೆ. ಇಪ್ಪತ್ತರ ಹುಡುಗನಿಗೆ 'ಸಲಾಂ' ಸಾಕು.

ಈದ್ ದಿನ ಒಂದು ಮನೆಗೆ ಹೋದಾಗ

ಮೈಸೂರು ಕಡೆಯಿಂದ ಬಂದ ಒಬ್ಬ ಬ್ಯಾಂಕ್ ನೌಕರ ಅಂದುಕೊಳ್ಳಿ. ಕಲಬುರಗಿಯ ಸಹೋದ್ಯೋಗಿಯೊಬ್ಬರು ರಂಜಾನ್ ಈದಿಗೆ ಊಟಕ್ಕೆ ಕರೆದಿದ್ದಾರೆ. ಬಾಗಿಲಲ್ಲಿ ಗೆಳೆಯರೇ ಎದುರಾಗುತ್ತಾರೆ. ಹಬ್ಬದ ದಿನ ಮೊದಲು 'ಈದ್ ಮುಬಾರಕ್'. ಉತ್ತರವಾಗಿ ಅವರು 'ಖೈರ್ ಮುಬಾರಕ್' ಅನ್ನಬಹುದು, ಇಲ್ಲಾ ಅದನ್ನೇ ತಿರುಗಿ ಹೇಳಬಹುದು. ಅವರು ಅಪ್ಪಿಕೊಳ್ಳಲು ಮುಂದೆ ಬಂದರೆ ಹಿಂದೆ ಸರಿಯಬೇಡಿ. ಒಂದು ಭುಜ, ಇನ್ನೊಂದು ಭುಜ, ಮತ್ತೆ ಮೊದಲಿನ ಭುಜ ಅಂತ ಮೂರು ಸಲ ಗಲೇ ಮಿಲನಾ ಮಾಡೋ ರೂಢಿ ಸುಮಾರು ಮನೆಗಳಲ್ಲಿದೆ. ಯಾವ ಕಡೆಯಿಂದ ಶುರು ಅನ್ನೋ ಚಿಂತೆ ಬೇಡ, ಅವರು ಬಂದ ಕಡೆಗೆ ನೀವು ಹೋಗಿ.

ಒಳಗೆ ಅವರ ತಂದೆ, ಚಿಕ್ಕಪ್ಪ, ನಾಲ್ಕಾರು ನೆಂಟರು ಕುಂತಿರುತ್ತಾರೆ. ಬಂದವರು ನೀವು, ಕುಂತವರು ಅವರು. ಎಲ್ಲರಿಗೂ ಕೇಳಿಸುವಂತೆ ಒಂದು ಸಲ ಸಲಾಂ ಹೇಳಿದರೆ ಸಾಕು. ಆಮೇಲೆ ಹಿರಿಯರ ಹತ್ತಿರ ಹೋಗಿ ಬಲಗೈ ಕೊಡಿ. ಕೆಲವರು ನಿಮ್ಮ ಒಂದು ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಆಗ ನಿಮ್ಮ ಎಡಗೈಯನ್ನೂ ಅದರ ಮೇಲೆ ಇಡಿ.

ಗೆಳೆಯರ ಹೆಂಡತಿ, ಅಕ್ಕ ಬಂದರೆ ನೀವಾಗಿ ಕೈ ಚಾಚಬೇಡಿ. ಬಲಗೈಯನ್ನು ಎದೆಯ ಮೇಲೆ ಇಟ್ಟು 'ಈದ್ ಮುಬಾರಕ್ ಆಪಾ' ಅಂದರೆ ಅದಕ್ಕಿಂತ ಚೆನ್ನಾಗಿ ಇನ್ನೊಂದಿಲ್ಲ. ನೀವು ಹೆಂಗಸರಾದರೆ ಇದೇ ಲೆಕ್ಕ ಗಂಡಸರ ವಿಷಯದಲ್ಲಿ. ಹೆಂಗಸರ ಜೊತೆ ಮಾತ್ರ ಅಪ್ಪುಗೆ, ಕೈಹಿಡಿಯೋದು ಎಲ್ಲ ನಡೆಯುತ್ತದೆ.

ಮೂಲೆಯ ಮಂಚದ ಮೇಲೆ ಅಜ್ಜಿ ಕುಂತಿರುತ್ತಾರೆ. ಅವರಿಗೆ ಬಾಗಿ 'ಆದಾಬ್ ದಾದಿ' ಅನ್ನಿ. 'ಜೀತೇ ರಹೋ ಬೇಟಾ' ಅನ್ನುತ್ತಾ ತಲೆಯ ಮೇಲೆ ಕೈ ಇಟ್ಟಾರು. ತಲೆ ತಗ್ಗಿಸಿ ನಿಲ್ಲಿ. ಇದಕ್ಕೆ ಮರುಮಾತು ಏನೂ ಬೇಡ, ಇದು ಆಶೀರ್ವಾದ. ಆಮೇಲೆ ಶೀರ್ ಖುರ್ಮಾ ಬರುತ್ತದೆ. ಹೊರಡುವಾಗ 'ಖುದಾ ಹಾಫಿಜ್' ಅನ್ನಬಹುದು. ಕೆಲವು ಮನೆಗಳಲ್ಲಿ 'ಅಲ್ಲಾ ಹಾಫಿಜ್' ಅನ್ನುತ್ತಾರೆ, ಅವರು ಅಂದದ್ದನ್ನೇ ನೀವೂ ಅನ್ನಿ. 'ಬರ್ತೀನ್ರಿ' ಅಂತ ಕನ್ನಡದಲ್ಲಿ ಹೇಳಿದರೂ ಅಷ್ಟೇ ಸರಿ. 'ಹೋಗ್ತೀನಿ' ಅನ್ನೋದು ಮಾತ್ರ ಇಲ್ಲಿ ಯಾರ ಮನೆಯಲ್ಲೂ ಬೇಡ.

ಸುಮ್ನಿರಬೇಕಾದ ಹೊತ್ತು

ನಮಾಜಿನಲ್ಲಿ ಇರುವವರಿಗೆ, ಕುರಾನ್ ಓದುತ್ತಿರುವವರಿಗೆ ಸಲಾಂ ಹೇಳಬೇಡಿ. ನಮಾಜು ಮಾಡುವವರು ಉತ್ತರ ಕೊಡುವ ಹಾಗಿಲ್ಲ. ಮುಗಿಯುವವರೆಗೆ ಕಾಯಿರಿ. ಅವರ ಮುಂದಿನಿಂದ ಹಾಯಬೇಡಿ, ಹಿಂದಿನಿಂದ ಹೋಗಿ.

ಹಬ್ಬಗಳಲ್ಲಿ ತಪ್ಪು ಹೆಚ್ಚಾಗಿ ಆಗೋದು ಮೊಹರಮ್ಮಿಗೆ. ನಮ್ಮ ಹಳ್ಳಿಗಳಲ್ಲಿ ಅಲಾಯಿ ಅಂದರೆ ಎಲ್ಲ ಜಾತಿಯವರೂ ಸೇರುತ್ತಾರೆ. ಅಲಾಯಿ ಕುಣಿ ತೋಡುತ್ತಾರೆ, ಪೀರಾ ದೇವರು ಕೂಡಿಸುತ್ತಾರೆ, ಹೆಜ್ಜೆ ಹಾಕುತ್ತಾರೆ, ಪದ ಹಾಡುತ್ತಾರೆ. ಹೊರಗಿನಿಂದ ನೋಡಿದವರಿಗೆ ಅದು ಜಾತ್ರೆಯ ಹಾಗೇ ಕಾಣುತ್ತದೆ. ಹಾಗಂತ ಫೋನಿನಲ್ಲಿ 'ಮೊಹರಂ ಹಬ್ಬದ ಹಾರ್ದಿಕ ಶುಭಾಶಯಗಳು' ಅಂತ ಹೂವಿನ ಚಿತ್ರ ಕಳಿಸುತ್ತಾರೆ. ಅದು ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರು ಕರ್ಬಲಾದಲ್ಲಿ ತೀರಿಕೊಂಡ ಶೋಕದ ಕಾಲ. ಅದಕ್ಕೆ ಮುಬಾರಕ್ ಇಲ್ಲ. ಏನಾದರೂ ಹೇಳಲೇಬೇಕು ಅಂದರೆ 'ಹುಸೇನರನ್ನು ನೆನೆಯುತ್ತೇವೆ' ಅನ್ನಿ. ಇಲ್ಲದಿದ್ದರೆ ಅಲಾಯಿ ಮುಂದೆ ಕೈ ಮುಗಿದು ನಿಂತರೆ ಆಯಿತು, ಊರವರು ಮಾಡೋದೂ ಅದನ್ನೇ. ಉರುಸಿನ ಮಾತು ಬೇರೆ. ಕಲಬುರಗಿಯ ಖ್ವಾಜಾ ಬಂದೇನವಾಜರು 1422ರಲ್ಲಿ ತೀರಿಕೊಂಡರು. ಸಂತರು ತೀರಿಕೊಂಡ ದಿನವನ್ನೇ ಉರುಸ್ ಅಂತ ಸಂಭ್ರಮದಿಂದ ಆಚರಿಸುತ್ತಾರೆ. ಆದ್ದರಿಂದ 'ಉರುಸ್ ಮುಬಾರಕ್' ಅನ್ನಬಹುದು.

ಸಾವಿನ ಮನೆಯಲ್ಲಿ ಯಾವ ಸಮುದಾಯದವರಾದರೂ ಕಲಿತ ಮಾತನ್ನು ಪ್ರಯೋಗಿಸಲು ಹೋಗಬೇಡಿ. ಸುದ್ದಿ ಕೇಳಿದ ಮುಸ್ಲಿಮರು ಹೇಳೋ 'ಇನ್ನಾ ಲಿಲ್ಲಾಹಿ' ಅನ್ನೋದು ಕುರಾನಿನ ಆಯತ್ತು. ಅರ್ಧಂಬರ್ಧ ಹೇಳೋದಕ್ಕಿಂತ 'ಕೇಳಿ ಬಹಳ ದುಃಖ ಆಯ್ತ್ರಿ' ಅಂದರೆ ಮನಸ್ಸಿಗೆ ಮುಟ್ಟುತ್ತದೆ. ಹಾಗೇ 'ಲಿಂಗೈಕ್ಯರಾದರು' ಅನ್ನೋದು ಲಿಂಗಾಯತರಿಗೆ ಹೇಳುವ ಮಾತು. ಅದನ್ನು ಎಲ್ಲರ ಸಾವಿಗೂ ಬಳಸಬೇಡಿ.

ಬೀದರಿನ ಗುರುದ್ವಾರದಲ್ಲಿ

ಪಂಜ್ ಪ್ಯಾರೇ ಅಂತ ಸಿಖ್ಖರು ಪೂಜ್ಯವಾಗಿ ಕಾಣುವ ಐದು ಜನರಲ್ಲಿ ಭಾಯಿ ಸಾಹಿಬ್ ಸಿಂಗರು ಬೀದರಿನವರು. ಗುರುನಾನಕ್ ಝೀರಾ ಸಾಹಿಬ್‌ಗೆ ದೇಶದ ಎಲ್ಲ ಕಡೆಯಿಂದ ಸಿಖ್ಖರು ಬರುತ್ತಾರೆ. ಅಲ್ಲಿ ಎರಡು ಥರದ ವಂದನೆ ಕಿವಿಗೆ ಬೀಳುತ್ತದೆ. 'ಸತ್ ಶ್ರೀ ಅಕಾಲ್' ಯಾರು ಬೇಕಾದರೂ ಹೇಳಬಹುದು. ಕೈ ಜೋಡಿಸಿ ಹೇಳಿ, ಕೊನೆಗೆ 'ಜಿ' ಸೇರಿಸಿ. 'ವಾಹೆಗುರುಜಿ ಕಾ ಖಾಲ್ಸಾ, ವಾಹೆಗುರುಜಿ ಕೀ ಫತೇಹ್' ಅನ್ನೋದು ಖಾಲ್ಸಾ ದೀಕ್ಷೆ ಪಡೆದವರು ತಮ್ಮಲ್ಲಿ ಹೇಳಿಕೊಳ್ಳುವುದು. ಅದನ್ನು ನಾವಾಗಿ ಶುರುಮಾಡುವ ಅಗತ್ಯ ಇಲ್ಲ. ನಿಮಗೇ ಹೇಳಿದರೆ ಅಷ್ಟನ್ನೂ ತಿರುಗಿ ಹೇಳಬೇಕಾಗುತ್ತದೆ. ಬಾರದಿದ್ದರೆ ಕೈ ಮುಗಿದು 'ಸತ್ ಶ್ರೀ ಅಕಾಲ್ ಜಿ' ಅನ್ನಿ, ಯಾರೂ ತಪ್ಪು ತಿಳಿಯೋದಿಲ್ಲ.

ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಕಟ್ಟಿ ದರ್ಬಾರಿನೊಳಗೆ ಹೋದ ಮೇಲೆ ಮೊದಲ ವಂದನೆ ಗುರು ಗ್ರಂಥ ಸಾಹಿಬ್‌ಗೆ. ಪರಿಚಯದವರು ಕಂಡರೂ ಅಲ್ಲಿ ಕೂಗಿ ಮಾತಾಡಿಸಬಾರದು, ಕಣ್ಣಲ್ಲೇ ನಕ್ಕು ಕುಂತುಬಿಡಿ. ಮಾತು, ವಂದನೆ ಎಲ್ಲಾ ಆಮೇಲೆ, ಎಲ್ಲರೂ ಒಟ್ಟಿಗೆ ಕುಂತು ಉಣ್ಣುವ ಲಂಗರಿನಲ್ಲಿ.

ಹೆಸರು ನೋಡಿ ಊಹಿಸಬೇಡಿ

'ಜೈ ಭೀಮ್' ಅನ್ನೋದನ್ನು ಕಡೆಗೆ ಇಟ್ಟಿದ್ದೇನೆ. ಅದರಲ್ಲಿ ಕಲಿಯೋ ಕಷ್ಟ ಏನೂ ಇಲ್ಲ, ಕಷ್ಟ ಇರೋದು ಬಳಸುವ ರೀತಿಯಲ್ಲಿ. ಕಲಬುರಗಿಯ ಬುದ್ಧ ವಿಹಾರದಲ್ಲಿ, ಅಂಬೇಡ್ಕರ್ ಜಯಂತಿಯಲ್ಲಿ 'ಜೈ ಭೀಮ್', 'ನಮೋ ಬುದ್ಧಾಯ' ಅನ್ನಲು ಯಾರ ಅಡ್ಡಿಯೂ ಇಲ್ಲ. ನಿಮಗೆ ಯಾರಾದರೂ ಹೇಳಿದಾಗ ಅದೇ ದನಿಯಲ್ಲಿ ಮರಳಿಸಿ. ಆದರೆ ಕಚೇರಿಯಲ್ಲಿ ಎಲ್ಲರಿಗೂ 'ಗುಡ್ ಮಾರ್ನಿಂಗ್' ಅಂದು, ಒಬ್ಬರಿಗೆ ಮಾತ್ರ ಅವರ ಜಾತಿ ಇದೇ ಇರಬೇಕು ಅಂತ ಊಹಿಸಿ 'ಜೈ ಭೀಮ್' ಅನ್ನೋದು ಬಹಳ ಕೆಟ್ಟದ್ದು. ಹತ್ತು ಜನರ ಮುಂದೆ ಅವರ ಜಾತಿ ಕೂಗಿ ಹೇಳಿದ ಹಾಗಾಯಿತು. ಹೇಳುವವರ ತುಟಿಯಲ್ಲಿ ಕೊಂಕು ನಗೆ ಇದ್ದರಂತೂ ಅದು ಅವಮಾನವೇ.

ಇದು ಎಲ್ಲ ವಂದನೆಗಳಿಗೂ ಅನ್ವಯಿಸುತ್ತದೆ. ಗಡ್ಡ ನೋಡಿ ಸಲಾಂ, ವಿಭೂತಿ ನೋಡಿ ಶರಣು ಅಂತ ಹೊಡೆಯಬೇಡಿ. ಈ ಸೀಮೆಯಲ್ಲಿ ಹೆಸರೂ ದಾರಿ ತಪ್ಪಿಸುತ್ತದೆ. ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ ಮಗುವಿಗೆ ಪೀರಪ್ಪ, ಲಾಲಪ್ಪ, ಹುಸೇನಪ್ಪ ಅಂತ ಹೆಸರಿಟ್ಟ ಹಿಂದೂ ಮನೆಗಳು ಎಷ್ಟೋ ಇವೆ. ಅವರು ಮೊದಲು ಏನು ಹೇಳುತ್ತಾರೆ ಕೇಳಿ, ಆಮೇಲೆ ನಿಮ್ಮ ಮಾತು.

ಹಲವು ಸಮುದಾಯದವರು ಒಟ್ಟಿಗೆ ಕುಂತ ಸಭೆಗೆ ಹೋದರೆ ಎಲ್ಲರಿಗೂ ಸೇರಿ ಒಂದೇ 'ಎಲ್ಲರಿಗೂ ನಮಸ್ಕಾರ್ರಿ' ಅನ್ನಿ. ಸಲಾಂ, ಶರಣು, ಜೈ ಭೀಮ್ ಅಂತ ಸಾಲಾಗಿ ಹೇಳುತ್ತಾ ಹೋದರೆ ಯಾವುದಾದರೂ ಒಂದು ಬಿಟ್ಟೇ ಹೋಗುತ್ತದೆ, ಬಿಟ್ಟುಹೋದವರಿಗೆ ಅದೇ ನೆನಪಿರುತ್ತದೆ. ಸಭೆ ಮುಗಿದು ಚಹಾ ಕುಡಿಯುವಾಗ ಒಬ್ಬೊಬ್ಬರ ಹತ್ತಿರ ಹೋಗಿ ಅವರವರ ಮಾತಿನಲ್ಲಿ ಮಾತಾಡಿಸಿ. ಫೋನಿನ ಸಂದೇಶಕ್ಕೂ ಇದೇ ಕ್ರಮ: ಗುಂಪಿನಲ್ಲಿ ನಮಸ್ಕಾರ, ಒಬ್ಬರಿಗೇ ಬರೆಯುವಾಗ ಅವರ ವಂದನೆ. ಬರೆಯುವಾಗ ASA, AOA ಅಂತ ಮೂರಕ್ಷರಕ್ಕೆ ಇಳಿಸಬೇಡಿ, ಎಷ್ಟೋ ಜನರಿಗೆ ಅದು ಹಿಡಿಸೋದಿಲ್ಲ. 'ಅಸ್ಸಲಾಮು ಅಲೈಕುಂ' ಅಂತ ಕನ್ನಡದಲ್ಲೇ ಪೂರ್ತಿ ಬರೆಯಿರಿ.